ತೋಳಿನ ಅಳತೆ ದೋಷವನ್ನು ‘ಸಹಜ ವ್ಯತ್ಯಾಸ’ವೆಂದು ತಿರಸ್ಕರಿಸಿದ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: 40ನೇ ಸೈಜಿನ ನೀಲಿ ಚೌಕಳಿ ಅಂಗಿಯನ್ನು ಬದಲಿಸಿಕೊಡುವ ಕುರಿತು

ಮಾನ್ಯರೇ,

ಕಳೆದ ತಿಂಗಳು ನನ್ನ ಪತಿಗಾಗಿ ನಿಮ್ಮಲ್ಲಿ ಒಂದೇ ಮಾದರಿಯ, ಒಂದೇ ಸೈಜಿನ ಎರಡು ಅಂಗಿಗಳನ್ನು ಕೊಂಡೆ. ಒಂದು ಬಿಳಿ, ಇನ್ನೊಂದು ನೀಲಿ ಚೌಕಳಿ. ನೀಲಿ ಅಂಗಿ ಸರಿಯಿಲ್ಲವೆಂದು ಬರೆದಾಗ, ‘ತಯಾರಿಕೆಯಲ್ಲಿ ಒಂದು ಸೆಂ.ಮೀ. ವ್ಯತ್ಯಾಸ ಸಹಜ’ ಎಂದು ಉತ್ತರಿಸಿ ದೂರನ್ನು ಮುಚ್ಚಿಬಿಟ್ಟಿರಿ. ಹನ್ನೊಂದು ವರ್ಷ ಗಾರ್ಮೆಂಟ್ಸ್‌ನಲ್ಲಿ ಟೇಪು ಹಿಡಿದು ಚೆಕ್ಕಿಂಗ್ ಮಾಡಿದವಳಾಗಿ ಈ ಉತ್ತರವನ್ನು ನಾನು ಒಪ್ಪಲಾರೆ.

ಎದೆಯ ಅಳತೆಯ ಬಗ್ಗೆ ನನ್ನ ತಕರಾರಿಲ್ಲ. ಮೇಜಿನ ಮೇಲೆ ಹರಡಿ ಅಳೆದರೆ ಬಿಳಿಯದು 56.5, ನೀಲಿಯದು 55.5 ಸೆಂ.ಮೀ. ಇದೆ. ಹೊಲಿಯುವವರು ಎರಡೂ ಪಕ್ಕದ ಹೊಲಿಗೆಯನ್ನು 2 ಮಿ.ಮೀ. ಒಳಗೆ ಹಾಕಿದರೆ ಮುಂಭಾಗದಿಂದಲೂ ಬೆನ್ನಿನಿಂದಲೂ ಅಷ್ಟಷ್ಟು ಬಟ್ಟೆ ಹೋಗುತ್ತದೆ. ಸುತ್ತಳತೆಯಲ್ಲಿ 8 ಮಿ.ಮೀ., ಹರಡಿಟ್ಟಾಗ 4 ಮಿ.ಮೀ. ಕಡಿಮೆ. ಇನ್ನೊಂದು ಅಂಗಿಯಲ್ಲಿ ಅದೇ ಹೊಲಿಗೆ 2 ಮಿ.ಮೀ. ಹೊರಗೆ ಬಿದ್ದರೆ ಎರಡರ ನಡುವಿನ ಅಂತರ 8 ಮಿ.ಮೀ. ಆಯಿತು. ಪದರ ಪದರವಾಗಿ ಹಾಸಿದ ಬಟ್ಟೆಯನ್ನು ಕತ್ತರಿಸುವಾಗ ಬ್ಲೇಡು ತುಸು ವಾಲಿದರೆ ಉಳಿದದ್ದೂ ಸೇರಿಹೋಗುತ್ತದೆ. ನಾನಿದ್ದ ಕಾರ್ಖಾನೆಯಲ್ಲಿ ಎದೆಗೆ ಹೆಚ್ಚುಕಡಿಮೆ 1 ಸೆಂ.ಮೀ.ವರೆಗೆ ಬಿಡುತ್ತಿದ್ದೆವು. ಅದಕ್ಕಾಗಿ ಹೊಲಿದವರನ್ನು ದೂರುವುದು ಅನ್ಯಾಯ.

ನನ್ನ ದೂರು ತೋಳುಗಳದ್ದು. ನೀಲಿ ಅಂಗಿಯ ಎಡತೋಳು 63, ಬಲತೋಳು 62 ಸೆಂ.ಮೀ. ಇದೆ. ಒಂದು ಅಂಗಿಗೂ ಇನ್ನೊಂದಕ್ಕೂ ಇರಬಹುದಾದ ವ್ಯತ್ಯಾಸವನ್ನು ಒಂದೇ ಅಂಗಿಯ ಎರಡು ತೋಳುಗಳಿಗೆ ಅನ್ವಯಿಸಲು ಬರುವುದಿಲ್ಲ. ತೊಟ್ಟವರ ಮೈಮೇಲೆ ಅವೆರಡೂ ಅಕ್ಕಪಕ್ಕ ಇರುತ್ತವೆ, ಒಂದು ಕಫ್ ಮಣಿಕಟ್ಟಿನ ಮೇಲೆ ನಿಂತರೆ ಇನ್ನೊಂದು ಜಾರುತ್ತದೆ. ನಮ್ಮಲ್ಲಿ ಈ ಅಂತರ ಅರ್ಧ ಸೆಂ.ಮೀ. ದಾಟಿದರೆ ಪೀಸನ್ನು ವಾಪಸ್ ಕಳಿಸುತ್ತಿದ್ದೆವು.

ಒಗೆದಾಗ ಕುಗ್ಗಿರಬಹುದು ಎಂದೂ ನೀವು ಹೇಳಿದ್ದೀರಿ. ಎರಡೂ ಕಫ್‌ಗಳು ಸಮವಾಗಿವೆ. ಭುಜದ ಹೊಲಿಗೆಯಿಂದ ಕಫ್‌ವರೆಗೆ ಚೌಕಗಳನ್ನು ಎಣಿಸಿದೆ: ಎಡಕ್ಕೆ ಐವತ್ತಾರೂವರೆ, ಬಲಕ್ಕೆ ಐವತ್ತೈದೂವರೆ. ಪ್ರತಿ ಚೌಕವೂ ಎರಡೂ ಕಡೆ 1 ಸೆಂ.ಮೀ. ಇದೆ. ಬಟ್ಟೆ ಕುಗ್ಗಿದ್ದರೆ ಚೌಕಗಳು ಚಿಕ್ಕದಾಗುತ್ತಿದ್ದವೇ ಹೊರತು ಅವುಗಳ ಎಣಿಕೆ ತಗ್ಗುತ್ತಿರಲಿಲ್ಲ. ಒಂದು ಚೌಕದಷ್ಟು ಬಟ್ಟೆ ಕತ್ತರಿಸುವಾಗಲೋ ಹೊಲಿಯುವಾಗಲೋ ಹೋಗಿದೆ. ಕೊನೆಯ ಚೆಕ್ಕಿಂಗ್‌ನಲ್ಲಿ ಎರಡೂ ತೋಳುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು.

ಆದ್ದರಿಂದ ನೀಲಿ ಅಂಗಿಯನ್ನು ನಿಮ್ಮ ಖರ್ಚಿನಲ್ಲಿ ವಾಪಸ್ ಪಡೆದು ಬೇರೆಯದನ್ನು ಕಳಿಸಿ, ಇಲ್ಲವೇ ಹಣ ಮರಳಿಸಿ. ನಿಮ್ಮ ಸೈಜ್ ಪಟ್ಟಿಯಲ್ಲಿ ಪ್ರತಿ ಅಳತೆಯ ಪಕ್ಕದಲ್ಲಿ ಎಷ್ಟು ವ್ಯತ್ಯಾಸ ಬರಬಹುದು, ಅದು ಹರಡಿಟ್ಟ ಅಳತೆಯೋ ಸುತ್ತಳತೆಯೋ ಎಂಬುದನ್ನೂ ಅಚ್ಚು ಹಾಕಿ. ಟೇಪು ಇಟ್ಟು ತೆಗೆದ ಎರಡೂ ತೋಳುಗಳ ಫೋಟೋಗಳನ್ನು ಲಗತ್ತಿಸಿದ್ದೇನೆ. ಬಿಳಿ ಅಂಗಿಯನ್ನು ನಾವು ಇಟ್ಟುಕೊಳ್ಳುತ್ತೇವೆ.

ಇಂತಿ,
ನಿಮ್ಮ ಗ್ರಾಹಕಿ
ಬೆಂಗಳೂರು