ಸಾಲ ಕೊಡುವ ವೆಬ್‌ಸೈಟ್ ಯಾರದ್ದು? ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರ.

ನಾನು ತಾಲ್ಲೂಕು ಕಚೇರಿ ಪಕ್ಕದಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ ಇಟ್ಟುಕೊಂಡಿದ್ದೇನೆ. ಪಹಣಿ, ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ ಇವೇ ನಮ್ಮ ಕೆಲಸ. ಈಚೆಗೆ ಜನ ಮೊಬೈಲ್ ಹಿಡಿದುಕೊಂಡು ಬಂದು ಬೇರೆಯದೇ ಕೇಳುತ್ತಾರೆ: "ಇದರಲ್ಲಿ ಬೇಗ ಸಾಲ ಕೊಡ್ತಾರಂತೆ, ಆಧಾರ್ ನಂಬರ್ ಹಾಕಬಹುದಾ ಅಣ್ಣಾ?" ಉತ್ತರ ಹೇಳಬೇಕಾದರೆ ಆ ಸೈಟ್ ನಡೆಸುವವರು ಯಾರೆಂದು ಮೊದಲು ಗೊತ್ತಾಗಬೇಕು. ಅದನ್ನು ಹುಡುಕುವುದು ಎಷ್ಟು ಕಷ್ಟ ಎಂದು ತಮಗೆ ತಿಳಿಸಲು ಈ ಪತ್ರ.

ಮೊನ್ನೆ ಹೂ ಮಾರುವ ಒಬ್ಬ ಹೆಣ್ಣುಮಗಳು ತೋರಿಸಿದ ಸೈಟನ್ನೇ ತೆಗೆದುಕೊಳ್ಳಿ. 'ಅಬೌಟ್ ಅಸ್' ಪುಟದಲ್ಲಿ ಹತ್ತು ವರ್ಷದ ಅನುಭವ, ಲಕ್ಷಾಂತರ ಗ್ರಾಹಕರು, ರಿಸರ್ವ್ ಬ್ಯಾಂಕ್ ನೋಂದಣಿ ಇರುವ ಪಾಲುದಾರರು ಅಂತೆಲ್ಲ ಇತ್ತು. ಕಂಪನಿ ಹೆಸರಿಲ್ಲ, ವಿಳಾಸವಿಲ್ಲ. ಆ ಪುಟದಲ್ಲಿ ತಮಗೆ ಬೇಕಾದ್ದನ್ನಷ್ಟೇ ಬರೆದುಕೊಳ್ಳುತ್ತಾರೆ. ಹಾಗಾಗಿ ನಾನು ಸೀದಾ ಪ್ರೈವೆಸಿ ಪಾಲಿಸಿಗೆ ಹೋಗುತ್ತೇನೆ. ಅದು ಉದ್ದ, ಬೇಸರ, ಯಾರೂ ಓದುವುದಿಲ್ಲ. ಅದಕ್ಕೇ ನಿಜ ಅಲ್ಲಿ ಹೊರಗೆ ಬೀಳುತ್ತದೆ.

ಮೊದಲ ಪ್ಯಾರಾದಲ್ಲಿ 'ನಾವು' ಎಂದರೆ ಯಾರು ಎಂದು ನೋಡುತ್ತೇನೆ. ಅಲ್ಲಿ ಸೈಟಿನ ಹೆಸರಿಗೆ ಸಂಬಂಧವೇ ಇಲ್ಲದ ಒಂದು ಪ್ರೈವೇಟ್ ಲಿಮಿಟೆಡ್ ಹೆಸರಿತ್ತು. ಇದೊಂದರಿಂದಲೇ ಮೋಸ ಎನ್ನಲಾಗದು, ಒಳ್ಳೆಯ ಕಂಪನಿಗಳೂ ಬೇರೆ ಹೆಸರಿನಲ್ಲಿ ವ್ಯಾಪಾರ ಮಾಡುತ್ತವೆ. ಕೊನೆಯಲ್ಲಿ ಕಂಪನಿಯ 21 ಅಕ್ಷರಗಳ ಗುರುತಿನ ಸಂಖ್ಯೆಯೂ ಇತ್ತು. ಅದರ ನಡುವೆ `KA2023PTC` ಎಂದಿತ್ತು. ಕರ್ನಾಟಕದಲ್ಲಿ 2023ರಲ್ಲಿ ನೋಂದಣಿಯಾದ ಪ್ರೈವೇಟ್ ಕಂಪನಿ ಎಂದರ್ಥ. ಹತ್ತು ವರ್ಷದ ಅನುಭವ ಎಲ್ಲಿಂದ ಬಂತು? ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಸೈಟಿನಲ್ಲಿ ಈ ಸಂಖ್ಯೆ ಹಾಕಿದರೆ ಕಂಪನಿಯ ಹೆಸರು, ನೋಂದಾಯಿತ ವಿಳಾಸ, ಅದು ಈಗ ಚಾಲ್ತಿಯಲ್ಲಿದೆಯೇ ಎಂಬುದೆಲ್ಲ ಸಿಗುತ್ತದೆ.

ಇನ್ನೂ ಕೆಳಗೆ ಹೋದಾಗ ಒಂದು ಪ್ಯಾರಾದಲ್ಲಿ ಬೇರೊಂದು ಸೈಟಿನ ಹೆಸರು ಹಾಗೇ ಉಳಿದುಬಿಟ್ಟಿತ್ತು. ಎಲ್ಲಿಂದಲೋ ನಕಲು ಮಾಡಿ ಹೆಸರು ಬದಲಿಸುವಾಗ ಒಂದು ಕಡೆ ಮರೆತಿದ್ದಾರೆ. ಎರಡೂ ಸೈಟ್ ಒಬ್ಬರದ್ದೇ ಎಂದು ಇದರಿಂದ ಹೇಳಲಾಗದು. ಆದರೆ ಆ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್‌ನಲ್ಲಿ ಹುಡುಕಿದರೆ ಅದೇ ಪಾಲಿಸಿ ಇರುವ ಬೇರೆ ಸೈಟ್‌ಗಳು ಸಿಗುತ್ತವೆ. ಅವುಗಳಲ್ಲಿ ಫೋನ್ ನಂಬರ್, ವಿಳಾಸವೂ ಒಂದೇ ಆಗಿದ್ದರೆ ಆಗ ಅನುಮಾನ ಗಟ್ಟಿಯಾಗುತ್ತದೆ.

ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಇನ್ನೆರಡು ವಿಷಯ. ನಿಜವಾಗಿ ಸಾಲ ಕೊಡುವ ಬ್ಯಾಂಕ್ ಅಥವಾ ಹಣಕಾಸು ಕಂಪನಿಯ ಹೆಸರು ಇಡೀ ಪಾಲಿಸಿಯಲ್ಲಿ ಎಲ್ಲೂ ಇರಲಿಲ್ಲ. ಮೊಬೈಲಿನಲ್ಲಿರುವ ಎಲ್ಲ ಫೋನ್ ನಂಬರ್‌ಗಳನ್ನು ತೆಗೆದುಕೊಳ್ಳುತ್ತೇವೆ ಎಂದೂ ಬರೆದಿತ್ತು. ಸಾಲದ ಆ್ಯಪ್‌ಗಳು ಹಾಗೆ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಅರ್ಜಿ ಹಾಕಬೇಡಮ್ಮಾ ಎಂದು ಹೇಳಿ ಕಳಿಸಿದೆ.

ಸ್ವಾಮಿ, ಇಷ್ಟೆಲ್ಲ ಪತ್ತೆದಾರಿಕೆ ಆ ಹೆಣ್ಣುಮಗಳು ಮಾಡಲು ಸಾಧ್ಯವೇ? ಪಾಲಿಸಿ ಇರುವುದು ಇಂಗ್ಲಿಷಿನಲ್ಲಿ.

ಕಾನೂನು ಇಲ್ಲ ಎಂದಲ್ಲ. 2014ರ ಕಂಪನಿ ನೋಂದಣಿ ನಿಯಮಗಳ 26ನೇ ನಿಯಮದ ಪ್ರಕಾರ ವೆಬ್‌ಸೈಟ್ ಇರುವ ಕಂಪನಿ ತನ್ನ ಹೆಸರು, ನೋಂದಾಯಿತ ವಿಳಾಸ, ಗುರುತಿನ ಸಂಖ್ಯೆ, ದೂರು ಕೇಳುವವರ ಹೆಸರು ಎಲ್ಲವನ್ನೂ ಮುಖಪುಟದಲ್ಲೇ ಹಾಕಬೇಕು. ಆ ಸೈಟಿನ ಮುಖಪುಟದಲ್ಲಿ ಇದ್ದದ್ದು ಒಂದು ವಾಟ್ಸ್‌ಆ್ಯಪ್ ನಂಬರ್ ಮಾತ್ರ. ಅಲ್ಲದೆ ಈ ನಿಯಮ ಕಂಪನಿಗಳಿಗಷ್ಟೇ. ಕಂಪನಿ ಮಾಡಿಕೊಳ್ಳದೆ ಒಬ್ಬರೇ ಸೈಟ್ ನಡೆಸಿದರೆ ಇದು ಅವರಿಗೆ ತಗಲುವುದೇ ಇಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ, ಮಾಹಿತಿ ಪಡೆಯುವಾಗ ಕೊಡುವ ಸೂಚನೆ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದಲು ಸಿಗಬೇಕು ಎಂದಿದೆ. ಅಂದರೆ ಕನ್ನಡದಲ್ಲೂ. ಪ್ರಶ್ನೆಗೆ ಉತ್ತರಿಸುವವರ ಸಂಪರ್ಕ ವಿವರ ಪ್ರಕಟಿಸಬೇಕೆಂದೂ ಇದೆ. ಆದರೆ ಒಂದು ಇಮೇಲ್ ಐಡಿ ಹಾಕಿ ಕೈತೊಳೆದುಕೊಂಡರೆ ನಮಗೆ ಪ್ರಯೋಜನವಿಲ್ಲ.

ಆದ್ದರಿಂದ ಸಂಸತ್ತಿನಲ್ಲಿ ತಾವು ಎರಡು ವಿಷಯ ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ. 26ನೇ ನಿಯಮ ಪಾಲಿಸದ ಎಷ್ಟು ಕಂಪನಿಗಳ ಮೇಲೆ ಕ್ರಮ ಆಗಿದೆ ಎಂದು ಲಿಖಿತ ಉತ್ತರ ಕೇಳಿ. ಆಧಾರ್, ಪ್ಯಾನ್ ಅಥವಾ ಬ್ಯಾಂಕ್ ಖಾತೆ ವಿವರ ಕೇಳುವ ಯಾವುದೇ ಸೈಟ್, ಅದು ಕಂಪನಿಯದ್ದಾಗಲಿ ಒಬ್ಬರದ್ದಾಗಲಿ, ನಡೆಸುವವರ ಕಾನೂನುಬದ್ಧ ಹೆಸರು ಮತ್ತು ವಿಳಾಸವನ್ನು ಅರ್ಜಿಯ ಮೇಲೆಯೇ ಕನ್ನಡದಲ್ಲೂ ಹಾಕಬೇಕು ಎಂಬ ನಿಯಮ ತರಲು ಒತ್ತಾಯಿಸಿ. ತಮ್ಮ ಉತ್ತರ ಬಂದರೆ ಅಂಗಡಿಯ ಗೋಡೆಗೆ ಅಂಟಿಸುತ್ತೇನೆ.

ಇಂತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ