ಗುಳಾಚಾ ಗಣಪತಿ

ನಾಳೆ ಬೆಳಗ್ಗೆ ಸುದ್ದಿಪತ್ರ ಅಚ್ಚಿಗೆ ಹೋಗಬೇಕು. ಈಗ ರಾತ್ರಿ ಹನ್ನೊಂದೂವರೆ, ಈ ಪುಟ ಮಾತ್ರ ಖಾಲಿ. ಸಂಜೆ ಮಗ ಕೇಳಿದ ಪ್ರಶ್ನೆಯನ್ನೇ ಬರೆದುಬಿಡುತ್ತೇನೆ: "ಅಮ್ಮಾ, ಅಜ್ಜಿ ನನ್ನನ್ನ ಬೆಲ್ಲದಚ್ಚು ಅಂತಾರಲ್ಲ, ಅದು ಬೈಗುಳಾನಾ?" ಶಾಲೆಯಲ್ಲಿ ಯಾರೋ ಅವನಿಗೆ 'ಗುಳಾಚಾ ಗಣಪತಿ' ಅಂದಿದ್ದಾರೆ. ಗೂಳ ಅಂದ್ರೆ ಬೆಲ್ಲ ಅಂತ ಅವನಿಗೆ ಗೊತ್ತು, ಪುಣೆಯಲ್ಲೇ ಹುಟ್ಟಿದವನಲ್ವಾ.

ನನಗೆ ನಗು ತಡೆಯಲಾಗಲಿಲ್ಲ. ನಾವು ಪುಣೆಗೆ ಬಂದ ಮೊದಲ ವರ್ಷದ ಮಾತು. ಸೊಸೈಟಿಯ ಗಣೇಶನ ಮಂಟಪ ಕಟ್ಟುವಾಗ ಯಾರೋ ನಮ್ಮೆಜಮಾನರ ಕೈಗೆ ಹಗ್ಗದ ತುದಿ ಕೊಟ್ಟು, ಹಿಡ್ಕೊಳ್ಳಿ, ಬಂದೆ ಅಂತ ಹೋದರು. ಇವರು ಅರ್ಧ ಗಂಟೆ ಹಾಗೇ ನಿಂತಿದ್ದರು, ಆ ಕಡೆಯ ಗಂಟು ಆಗಲೇ ಬಿಚ್ಚಿ ಹೋಗಿದ್ದರೂ. ಪಕ್ಕದ ಮನೆ ಕಾಕು ನಕ್ಕು, "ಅಗದೀ ಗುಳಾಚಾ ಗಣಪತಿ!" ಅಂದರು. ಬೆಲ್ಲ, ಗಣಪತಿ, ಎರಡೂ ಒಳ್ಳೆಯದೇ! ನಾನು ಖುಷಿಯಾಗಿ ಅವರ ಮನೆಗೆ ಒಂದು ತಟ್ಟೆ ಚಕ್ಕುಲಿ ಕೊಟ್ಟು ಬಂದೆ. ಅದು ಕೂರಿಸಿದಲ್ಲೇ ಕೂತಿರುವ ಮಂಕನಿಗೆ ಹೇಳುವ ಮಾತು ಅಂತ ತಿಳಿಯಲು ಒಂದು ವರ್ಷ ಬೇಕಾಯಿತು. ನಮ್ಮಲ್ಲೂ ಬೆಲ್ಲದ ಗಣಪ ಇದ್ದಾನೆ, ಆದರೆ ನಮ್ಮ ಗಾದೆಯಲ್ಲಿ ನಗು ಅವನ ಮೇಲಲ್ಲ, ಅವನ ಮೈಯಿಂದಲೇ ಬೆಲ್ಲ ಚಿವುಟಿ ಅವನಿಗೇ ನೈವೇದ್ಯ ಮಾಡುವ ಭಕ್ತನ ಮೇಲೆ.

ಆಮೇಲೆ ಕಿವಿ ಚುರುಕಾಯಿತು. ಪರೀಕ್ಷೆಯಲ್ಲಿ ಸೊನ್ನೆ ಬಂದರೆ ನಮಗೆ ಕೋಳಿಮೊಟ್ಟೆ, ಇಲ್ಲಿಯ ಮಕ್ಕಳಿಗೆ ಭೋಪಳಾ, ಅಂದ್ರೆ ಕುಂಬಳಕಾಯಿ. ದಡ್ಡ ಹುಡುಗ 'ಪಾವಟ್ಯಾ'. ಪಾವಟಾ ಅಂದ್ರೆ ಅವರೆಕಾಳು! ಅವರೆಕಾಳನ್ನು ಬೈಗುಳ ಮಾಡಿದ್ದು ನನಗಂತೂ ಇನ್ನೂ ಒಪ್ಪಿಗೆಯಿಲ್ಲ. ಡುಮ್ಮ ಹುಡುಗ 'ಬಟಾಟ್ಯಾ'. ಕೊನೆಯ ಆ 'ಯಾ' ಗಮನಿಸಿ. ಗಣೇಶ 'ಗಣ್ಯಾ' ಆಗುವುದೂ ಹೀಗೇ. ಗೆಳೆಯ ಅಂದರೆ ಸಲಿಗೆ, ಗುರುತಿಲ್ಲದವರು ಅಂದರೆ ಜಗಳ. ಬಟಾಟಾ ಎಂಬ ಹೆಸರು ಪೋರ್ಚುಗೀಸರಿಂದ ಬಂದದ್ದು. ಆಲೂಗಡ್ಡೆ ನಮ್ಮ ಕಡೆಗೂ ಹೊಸಬನೇ, ಅದಕ್ಕೇ ಇರಬೇಕು ನಮ್ಮ ಹಳೇ ಮಾತುಗಳಲ್ಲಿ ಬದನೆಕಾಯಿಯದೇ ಕಾರುಬಾರು. ಓದಿ ಪ್ರಯೋಜನವಿಲ್ಲದಿದ್ದರೆ ಪುಸ್ತಕದ ಬದನೆಕಾಯಿ ಅಂತೀವಲ್ಲ. ಫ್ರೆಂಚರು ಮುದ್ದಿನವರನ್ನು 'ನನ್ನ ಪುಟ್ಟ ಎಲೆಕೋಸೇ' ಅಂತಾರೆ. ನಾನು ಒಮ್ಮೆ ಮನೆಯಲ್ಲಿ ಅಂದು ನೋಡಿದೆ, ಇವತ್ತು ಪಲ್ಯ ಕೋಸಿಂದಾ ಅಂತ ಕೇಳಿದರು.

ಮಗನಿಗೆ ಹೇಳಿದೆ, ಅಜ್ಜಿಯದು ಮುದ್ದು, ಶಾಲೆಯದು ಕೀಟಲೆ. ಅವನು ಪೂರ್ತಿ ನಂಬಿಲ್ಲ.

ಜಾಗ ಮುಗಿಯಿತು, ಬೇಗ ಬೇಗ ಹೇಳುತ್ತೇನೆ. ಹಬ್ಬದ ಊಟ ಭಾನುವಾರ ಮಧ್ಯಾಹ್ನ, ತಟ್ಟೆ ಲೋಟ ಮನೆಯಿಂದಲೇ ತನ್ನಿ. ಮಕ್ಕಳ ಕನ್ನಡ ತರಗತಿ ಈ ಶನಿವಾರ ಇಲ್ಲ. ಕಡುಬು ಮಾಡಲು ಇನ್ನೂ ನಾಲ್ಕು ಜನ ಬೇಕು. ಮತ್ತೆ, ಮುಂದಿನ ಸಂಚಿಕೆಗೆ ಕರಡು ತಿದ್ದಲು ಯಾರಾದರೂ ಬನ್ನಿ ಮಾರಾಯ್ರೇ, ಒಬ್ಬಳ ಕೈಲಿ ಆಗುತ್ತಿಲ್ಲ. ಚಹಾ ನಮ್ಮನೆ ಗುಳಾಚಾ ಗಣಪತಿ ಮಾಡಿಕೊಡುತ್ತಾರೆ, ಹೇಳಿದರೆ ಸಾಕು, ಎದ್ದು ಹೋಗುತ್ತಾರೆ.