ಒಂದು ದಿನ ತಡವಾಗಿ ಬಂದವಳು

ಕಾವೇರಿ ಸಮುದ್ರ ಸೇರುವ ಜಾಗ ನೋಡಲು ತಮಿಳುನಾಡಿಗೆ ಹೋಗಿ, ಅಲ್ಲಿ ಕಾಲಿಗೆ ಪೆಟ್ಟು ಮಾಡಿಕೊಂಡು, ಊರಿಗೆ ಬಂದು ಹತ್ತು ದಿನ ಆಯಿತು. ಟಿಕೆಟ್ ಮಾಡಿಸಿಕೊಟ್ಟ ಮಗಳು, ಬೆಕ್ಕಿಗೆ ಹಾಲು ಹಾಕಿದ ಪಕ್ಕದ ಮನೆಯವರು, "ಒಬ್ಬರೇನಾ ಮೇಡಂ?" ಎಂದು ಕೇಳಿದರೂ ತಡೆಯದ ಸ್ಟಾಫ್ ರೂಮಿನ ಗೆಳತಿಯರು, ಎಲ್ಲರಿಗೂ ಥ್ಯಾಂಕ್ಸ್.

1985ರಲ್ಲಿ, ಕೆಲಸಕ್ಕೆ ಸೇರಿದ ಮೊದಲ ವರ್ಷ, ಕಾವೇರಿ ಪಾಠ ಮಾಡುತ್ತಿದ್ದೆ. ತಲಕಾವೇರಿಯಲ್ಲಿ ಹುಟ್ಟಿ, ಸುಮಾರು 800 ಕಿ.ಮೀ. ಹರಿದು, ತಮಿಳುನಾಡಿನ ಪೂಂಪುಹಾರ್ ಬಳಿ ಸಮುದ್ರ ಸೇರುತ್ತದೆ ಅಂದೆ. ಹಿಂದಿನ ಬೆಂಚಿನ ಹುಡುಗ ಕೇಳಿದ: "ಮಿಸ್, ನೀವು ನೋಡಿದೀರಾ?" ಈ ಬೇಸಿಗೆ ರಜೆಗೆ ಹೋಗ್ತೀನಿ ಕಣೋ ಅಂದಿದ್ದೆ. ಬೇಸಿಗೆಯಲ್ಲಿ ಹೋಗಿದ್ದರೆ ಮರಳು ನೋಡಿಕೊಂಡು ಬರಬೇಕಿತ್ತು, ಅದು ಬೇರೆ ಮಾತು. ಮೆಟ್ಟೂರು ಅಣೆಕಟ್ಟೆಯಿಂದ ಬಯಲಿಗೆ ನೀರು ಬಿಡುವುದು ಸಾಮಾನ್ಯವಾಗಿ ಜೂನ್‌ನಿಂದ ಜನವರಿವರೆಗೆ.

ರಿಟೈರ್ ಆದ ಮೇಲೆ ತಿಂಗಳನ್ನು ನಾನೇ ಆರಿಸಿದೆ. ಕೊಡಗಿನಲ್ಲಿ ತುಲಾ ಸಂಕ್ರಮಣದಿಂದ ಶುರುವಾಗುವ ತಿಂಗಳಲ್ಲೇ ತಮಿಳುನಾಡಿನ ಮಯಿಲಾಡುತುರೈನಲ್ಲಿ ಕಾವೇರಿ ಸ್ನಾನ. ಕೊನೆಯ ದಿನಕ್ಕೆ ಕಡೈಮುಗಂ ಅಂತಾರೆ, ಈ ಸಲ ನವೆಂಬರ್ ನಡುವೆ ಬಂತು. ಅಂದು ಮುಳುಗು ಹಾಕಿ, ಮರುದಿನ ಪೂಂಪುಹಾರ್. ಇದು ನನ್ನ ಲೆಕ್ಕ. ಮೈಸೂರಿನಿಂದ ರೈಲು ಹತ್ತಿದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಸಿಕ್ಕಳು. ಈರೋಡ್ ಹತ್ತಿರ ಕತ್ತಲಲ್ಲಿ ಸೇತುವೆಯ ಸದ್ದಿನಲ್ಲೇ ಗುರುತಿಸಿದೆ.

ಕಡೈಮುಗಂ ಹಿಂದಿನ ಸಂಜೆ, ಮಳೆಯಲ್ಲಿ, ಲಾಡ್ಜಿನ ಮೆಟ್ಟಿಲಲ್ಲಿ ಜಾರಿ ಕಾಲಿಗೆ ಪೆಟ್ಟು ಮಾಡಿಕೊಂಡೆ. ತಪ್ಪು ನನ್ನದೇ, ಚಪ್ಪಲಿ ಸವೆದಿತ್ತು.

ಆ ರಾತ್ರಿ ನನ್ನ ಜೊತೆ ಇದ್ದವಳು ಲಾಡ್ಜಿನ ಕಸ ಗುಡಿಸುವ ಹೆಂಗಸು. ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು, ವಾಪಸ್ ತಂದು ಮಲಗಿಸಿದಳು. ಹೋಗಿಬಿಡುತ್ತಾಳೆ ಅಂದುಕೊಂಡೆ. ಚಾಪೆ ತಂದು ನೆಲಕ್ಕೆ ಹಾಸಿದಳು. ಅವಳಿಗೆ ಕನ್ನಡ ಬಾರದು, ನನಗೆ ತಮಿಳು ಬಾರದು. "ಪಾಲ್?" ಅಂದಳು. ತಟ್ಟನೆ ನನ್ನ ಹಳಗನ್ನಡದ ಪಾಠ ನೆನಪಾಯಿತು. ಹಾಲು ಅಲ್ಲಿ ಪಾಲ್, ಹೂವು ಪೂ, ಹೋಗು ಪೋಗು. ಹ ಇದ್ದಲ್ಲಿ ಪ ಇಟ್ಟು ಮಾತಾಡಿ ನೋಡಿದೆ. ಅರ್ಧ ತಿಳಿಯಿತು ಅವಳಿಗೆ, ಇನ್ನರ್ಧಕ್ಕೆ ನಕ್ಕಳು. ಮೂವತ್ತೊಂಬತ್ತು ವರ್ಷ ಮಕ್ಕಳಿಗೆ ಆಕಳಿಕೆ ತರಿಸಿದ ಪಾಠ ಅದು!

ನಡುರಾತ್ರಿ ಜ್ವರ ಏರಿತು. ಆಗ ಅಳು ಬಂತು. ನೋವಿಗಲ್ಲ. ನನ್ನನ್ನು ಯಾರೂ ಹೋಗಬೇಡ ಅಂದಿರಲಿಲ್ಲ. ನಮ್ಮ ಯಜಮಾನರು, ಅತ್ತೆ ಹುಷಾರಾಗಲಿ ಅಂದರು, ಮಗಳ ಪರೀಕ್ಷೆ ಮುಗಿಯಲಿ ಅಂದರು, ಕೊನೆಗೆ ಅವರೂ ಹಾಸಿಗೆ ಹಿಡಿದರು. ಸಿಟ್ಟು ಮಾಡಿಕೊಳ್ಳೋಣ ಅಂದರೆ ಒಬ್ಬರೂ ಸಿಗಲಿಲ್ಲ. ಈಗ ಬಂದರೂ ಒಂದು ದಿನ ತಡ. ಅಷ್ಟೂ ಕನ್ನಡದಲ್ಲೇ ಹೇಳಿಕೊಂಡು ಅತ್ತೆ. ಅವಳು ನನ್ನ ಪಾದ ಮಡಿಲಲ್ಲಿ ಇಟ್ಟುಕೊಂಡು ಒದ್ದೆ ಬಟ್ಟೆ ಬದಲಾಯಿಸುತ್ತಾ ಕೂತಿದ್ದಳು. ಬೆಳಿಗ್ಗೆ ಗಂಜಿ ತಂದಳು.

ಕಡೈಮುಗಂ ಜನ ಕಿಟಕಿಯ ಕೆಳಗೇ ಹಾದುಹೋದರು. ನನ್ನ ಮುಖ ನೋಡಿ ಅವಳು, "ನಾಳೈಕ್ಕು ಮುಡವನ್ ಮುೞುಕ್ಕು" ಅಂದಳು. ಮುೞುಕ್ಕು ಅಂದರೆ ಮುಳುಗು, ತಿಳಿಯಿತು. ಮುಡವನ್? ಅವಳು ಕೋಣೆಯ ತುಂಬ ಕುಂಟಿ ತೋರಿಸಿದಳು. ಕೆಳಗಿನ ಮ್ಯಾನೇಜರ್ ಉಳಿದ ಕತೆ ಹೇಳಿದರು. ಯಾವ ಕಾಲದಲ್ಲೋ ಒಬ್ಬ ಕುಂಟ ಸ್ನಾನಕ್ಕೆ ಹೊರಟು, ನಡೆಯಲಾಗದೆ ಒಂದು ದಿನ ತಡವಾಗಿ ತಲುಪಿದನಂತೆ. ಶಿವ ಅವನಿಗಾಗಿ ಒಂದು ದಿನ ಜಾಸ್ತಿ ಕೊಟ್ಟನಂತೆ. ಹಾಗಾಗಿ ತಮಿಳರ ಕಾರ್ತಿಕದ ಮೊದಲ ದಿನವೂ ಅದೇ ಪುಣ್ಯ. ಪುಣ್ಯದ ವಿಷಯ ನನಗೆ ಗೊತ್ತಿಲ್ಲ. ಮರುದಿನ ಅವಳ ಹೆಗಲು ಹಿಡಿದು ತುಲಾ ಘಟ್ಟದ ಮೆಟ್ಟಿಲಲ್ಲಿ ಕೂತೆ. ಚೊಂಬಿನಲ್ಲಿ ನೀರು ಹೊಯ್ದಳು. ಬ್ಯಾಂಡೇಜ್ ಕಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದಳು.

ಆಮೇಲೆ ಆಟೋದಲ್ಲಿ ಪೂಂಪುಹಾರ್‌ಗೂ ಹೋದೆ, ಒಬ್ಬಳೇ. ಬೋರ್ಡಿನ ಮೇಲೆ ನಾನು ನೀಲಿ ಸೀಮೆಸುಣ್ಣದಲ್ಲಿ ಎಳೆಯುತ್ತಿದ್ದ ಅಗಲ ಅಲ್ಲಿರಲಿಲ್ಲ. ನೀರಿನ ಬಹುಪಾಲು ತಿರುಚ್ಚಿ ಹತ್ತಿರವೇ ಕೊಳ್ಳಿಡಂ ಎನ್ನುವ ಕವಲಿನ ಕಡೆಗೆ, ಕಾಲುವೆಗಳಿಗೆ, ಗದ್ದೆಗಳಿಗೆ ಹಂಚಿಹೋಗುತ್ತದೆ. ಕಾವೇರಿ ಅನ್ನುವ ಹೆಸರು ಹೊತ್ತು ಸಮುದ್ರದವರೆಗೆ ಬರುವುದು ಉಳಿದಷ್ಟೇ. ಈ ಮಾತು ಪಾಠದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಹಿಂದಿನ ಬೆಂಚಿನ ಹುಡುಗ ಇದನ್ನು ಓದಿದರೆ ತಿದ್ದಿಕೊಳ್ಳಲಿ.

ಹೊರಡುವಾಗ ಅವಳು ದುಡ್ಡು ಮುಟ್ಟಲಿಲ್ಲ. ನನ್ನ ಸವೆದ ಚಪ್ಪಲಿಯನ್ನು ಕಸದ ಬುಟ್ಟಿಗೆ ಹಾಕಿ, ಹೊಸ ಜೊತೆ ಕೊಡಿಸಿದ್ದಳು. ಅದರ ದುಡ್ಡನ್ನು ಮಾತ್ರ ಲೆಕ್ಕ ಹಾಕಿ ತೆಗೆದುಕೊಂಡಳು. ಭಾನುವಾರ ಫೋನ್ ಮಾಡುತ್ತಾಳೆ.

"ಅಮ್ಮಾ, ಕಾಲ್ ಎಪ್ಪಡಿ?"

"ನಡೀತಿದೆ ತಂಗಚ್ಚಿ" ಅನ್ನುತ್ತೇನೆ.